ಕಾಲು ಅಲೆಯಷ್ಟು ತಡ

ಸಿನಿಮಾ ಮಂದಿರದಲ್ಲಿ ತ್ರೀಡಿ ಚಿತ್ರಕ್ಕೆ ಕೊಡುವ ಪ್ಲಾಸ್ಟಿಕ್ ಕನ್ನಡಕ ಮನೆಯಲ್ಲಿ ಉಳಿದಿದ್ದರೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲಿ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಮಾತ್ರ ನೋಡಿ. ಈಗಿನ ಹೆಚ್ಚಿನ ಮಂದಿರಗಳಲ್ಲಿ ಬಳಸುವ ರಿಯಲ್‌ಡಿ ಬಗೆಯ ಕನ್ನಡಕವಾದರೆ ವಿಚಿತ್ರವೊಂದು ಕಾಣುತ್ತದೆ. ಮುಚ್ಚಿದ ಎಡಗಣ್ಣು, ಅದರ ರೆಪ್ಪೆ, ಎಲ್ಲವೂ ಕನ್ನಡಿಯಲ್ಲಿ ಸ್ಪಷ್ಟ. ತೆರೆದಿರುವ ಬಲಗಣ್ಣಿನ ಜಾಗದಲ್ಲಿ ಮಾತ್ರ ಕಪ್ಪು ಗಾಜು. ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದರೆ ಕಪ್ಪೂ ಜಾಗ ಬದಲಿಸುತ್ತದೆ. ಯಾವ ಕಣ್ಣು ನೋಡುತ್ತಿದೆಯೋ ಅದು ತನ್ನನ್ನು ತಾನು ಕಾಣಲಾರದು.

ಇನ್ನೂ ಹತ್ತಿರದಿಂದ ನೋಡಿದರೆ ಆ ಕಪ್ಪು ಅಚ್ಚ ಕಪ್ಪಲ್ಲ, ಅದರಲ್ಲಿ ನೇರಳೆಯ ಛಾಯೆ ಇದೆ. ಕಪ್ಪು ಏಕೆ, ನೇರಳೆ ಏಕೆ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಕನ್ನಡಕದ ಹಾಳೆಯಲ್ಲಿ ಅಂಟಿಸಿರುವ ಒಂದು ತೆಳುವಾದ ಪದರದಲ್ಲಿದೆ. ಅದರ ಹೆಸರು ಕ್ವಾರ್ಟರ್ ವೇವ್ ಪ್ಲೇಟ್, ಕಾಲು ಅಲೆಯ ಪ್ಲೇಟ್. ಅದು ಬೆಳಕನ್ನು ಹೀರುವುದೂ ಇಲ್ಲ, ತಡೆಯುವುದೂ ಇಲ್ಲ. ಬೆಳಕಿನ ಒಂದು ಅಂಶವನ್ನು ಇನ್ನೊಂದಕ್ಕಿಂತ ಕಾಲು ಅಲೆಯಷ್ಟು ತಡಮಾಡಿ ಕಳಿಸುತ್ತದೆ, ಅಷ್ಟೇ.

ಬೆಳಕು ಮುಂದೆ ಸಾಗುವಾಗ ಅದರ ವಿದ್ಯುತ್ ಕ್ಷೇತ್ರ ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುತ್ತದೆ. ಬಲ್ಬಿನಿಂದ ಬರುವ ಬೆಳಕಿನಲ್ಲಿ ಈ ಅಡ್ಡ ಕಂಪನದ ದಿಕ್ಕು ಕ್ಷಣಕ್ಷಣಕ್ಕೂ ಮನಬಂದಂತೆ ಬದಲಾಗುತ್ತಿರುತ್ತದೆ. ಪೋಲರಾಯ್ಡ್ ಹಾಳೆಯ ಮೂಲಕ ಹಾಯಿಸಿದರೆ ಒಂದೇ ದಿಕ್ಕಿನ ಕಂಪನ ಉಳಿಯುತ್ತದೆ. ಇದು ರೇಖೀಯ ಧ್ರುವೀಕರಣ. ಕ್ಷೇತ್ರ ಒಂದು ಗೆರೆಯ ಮೇಲೆ ಹೋಗಿ ಬರುತ್ತದೆ, ನಡುವೆ ಶೂನ್ಯವಾಗುತ್ತದೆ.

ಆ ಗೆರೆ ನೆಲಕ್ಕೆ 45 ಡಿಗ್ರಿ ಓರೆಯಾಗಿದೆ ಎಂದುಕೊಳ್ಳಿ. ಆಗ ಅದನ್ನು ಎರಡು ಅಂಶಗಳಾಗಿ ಬಿಡಿಸಬಹುದು: ಒಂದು ಅಡ್ಡಕ್ಕೆ, ಇನ್ನೊಂದು ಲಂಬಕ್ಕೆ. ಎರಡರ ಗಾತ್ರವೂ ಸಮ. ಎರಡೂ ಒಂದೇ ಕ್ಷಣದಲ್ಲಿ ಏರುತ್ತವೆ, ಒಂದೇ ಕ್ಷಣದಲ್ಲಿ ಸೊನ್ನೆಗಿಳಿಯುತ್ತವೆ. ಎರಡರ ನಡುವೆ ಫೇಸ್ ವ್ಯತ್ಯಾಸ ಇಲ್ಲ ಎನ್ನುವುದು ಇದಕ್ಕೇ. ಒಂದು ಪೂರ್ತಿ ಅಲೆಗೆ 360 ಡಿಗ್ರಿ ಎಂದು ಲೆಕ್ಕ ಹಿಡಿದು, ಒಂದು ಅಂಶ ಇನ್ನೊಂದಕ್ಕಿಂತ ಎಷ್ಟು ಹಿಂದಿದೆ ಎಂಬುದನ್ನು ಡಿಗ್ರಿಯಲ್ಲಿ ಹೇಳುತ್ತೇವೆ. ಕಾಲು ಅಲೆ ಎಂದರೆ 90 ಡಿಗ್ರಿ.

ಈಗ ಲಂಬದ ಅಂಶವನ್ನು ಕಾಲು ಅಲೆಯಷ್ಟು ತಡಮಾಡೋಣ. ಒಂದೊಂದು ಅಂಶದ ಗರಿಷ್ಠ ಬೆಲೆ 1 ಎಂದಿರಲಿ. ಅಡ್ಡದ ಅಂಶ ತನ್ನ ಗರಿಷ್ಠ 1ರಲ್ಲಿರುವಾಗ ಲಂಬದ್ದು ಇನ್ನೂ ಸೊನ್ನೆಯಲ್ಲಿದೆ. ಹಾಗಾಗಿ ಒಟ್ಟು ಕ್ಷೇತ್ರ ಅಡ್ಡಕ್ಕೆ ಮಲಗಿದೆ, ಉದ್ದ 1. ಕಂಪನದ ಎಂಟನೇ ಒಂದು ಭಾಗ ಕಳೆಯಲಿ. ಅಡ್ಡದ್ದು 0.707ಕ್ಕೆ ಇಳಿದಿದೆ, ಲಂಬದ್ದು 0.707ಕ್ಕೆ ಏರಿದೆ. ಕ್ಷೇತ್ರ ಓರೆಯಾಗಿ ನಿಂತಿದೆ. ಉದ್ದ ಎಷ್ಟು? ಎರಡರ ವರ್ಗ ಕೂಡಿಸಿ, 0.5 ಮತ್ತು 0.5, ಮತ್ತೆ 1. ಇನ್ನೊಂದು ಎಂಟನೇ ಭಾಗ ಕಳೆದಾಗ ಅಡ್ಡದ್ದು ಸೊನ್ನೆ, ಲಂಬದ್ದು 1. ಕ್ಷೇತ್ರ ನೆಟ್ಟಗೆ ನಿಂತಿದೆ, ಉದ್ದ ಆಗಲೂ 1. ಹೀಗೆ ಮುಂದುವರಿದರೆ ಅದು ಆಚೆ ಬದಿಗೆ ವಾಲಿ, ಕೆಳಗಿಳಿದು, ಒಂದು ಕಂಪನ ಮುಗಿಯುವ ಹೊತ್ತಿಗೆ ಪೂರ್ತಿ ಒಂದು ಸುತ್ತು ಹಾಕಿರುತ್ತದೆ. ಎಲ್ಲಿಯೂ ಕುಗ್ಗುವುದಿಲ್ಲ, ಎಲ್ಲಿಯೂ ಶೂನ್ಯವಾಗುವುದಿಲ್ಲ. ಗೆರೆಯ ಮೇಲೆ ಹೋಗಿ ಬರುತ್ತಿದ್ದ ಕ್ಷೇತ್ರ ಈಗ ವೃತ್ತದಲ್ಲಿ ತಿರುಗುತ್ತಿದೆ. ವೃತ್ತೀಯ ಧ್ರುವೀಕರಣ ಎಂದರೆ ಇದೇ. ಬೆಳಕಿಗೆ ಹೊಸದಾಗಿ ಏನನ್ನೂ ಸೇರಿಸಿಲ್ಲ. ಇದ್ದ ಎರಡು ಅಂಶಗಳ ಹೊತ್ತನ್ನು ಮಾತ್ರ ಹಿಂದೆಮುಂದೆ ಮಾಡಿದ್ದೇವೆ.

ಕಣ್ಣಾರೆ ನೋಡಬೇಕೆಂದರೆ ಒಂದು ಉದ್ದ ದಾರಕ್ಕೆ ಬೀಗ ಕಟ್ಟಿ ಸೂರಿನಿಂದ ತೂಗುಬಿಡಿ. ಅದನ್ನು ನಿಮ್ಮತ್ತ ಎಳೆದು ಬಿಟ್ಟರೆ ಗೆರೆಯ ಮೇಲೆ ಹಿಂದೆಮುಂದೆ ತೂಗುತ್ತದೆ. ಅದು ನಡುವನ್ನು ದಾಟುವ ಕ್ಷಣದಲ್ಲಿ ಪಕ್ಕಕ್ಕೆ ಒಂದು ಏಟು ಕೊಟ್ಟರೆ ಓರೆ ಗೆರೆಯಲ್ಲಿ ತೂಗತೊಡಗುತ್ತದೆ, ಏಕೆಂದರೆ ಎರಡೂ ಚಲನೆಗಳು ಒಟ್ಟಿಗೆ ಶುರುವಾದವು. ಅದೇ ಏಟನ್ನು ಬೀಗ ತುದಿ ಮುಟ್ಟಿ ಕ್ಷಣಕಾಲ ನಿಂತಾಗ ಕೊಡಿ. ಏಟಿನ ಬಲ ಸರಿಯಾಗಿದ್ದರೆ ಅದು ದುಂಡಗೆ ಸುತ್ತತೊಡಗುತ್ತದೆ. ಏಟು ಒಂದೇ, ಕೊಟ್ಟ ಹೊತ್ತು ಮಾತ್ರ ಕಾಲು ತೂಗಿನಷ್ಟು ಬೇರೆ. ಎರಡರ ನಡುವಿನ ಬೇರಾವುದೋ ಕ್ಷಣದಲ್ಲಿ ಕೊಟ್ಟರೆ ಬೀಗ ಮೊಟ್ಟೆಯಾಕಾರದಲ್ಲಿ ಸುತ್ತುತ್ತದೆ. ಬೆಳಕಿನಲ್ಲೂ ಫೇಸ್ ವ್ಯತ್ಯಾಸ 0 ಮತ್ತು 90 ಡಿಗ್ರಿಗಳ ನಡುವೆ ಇದ್ದರೆ ಸಿಗುವುದು ದೀರ್ಘವೃತ್ತವೇ. ಈ ಮೂರು ಬಗೆಗಳನ್ನೂ ಒಂದೇ ಲೆಕ್ಕದಡಿ ತಂದವನು ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್, 1820ರ ದಶಕದಲ್ಲಿ.

ಬೀಗಕ್ಕೆ ಹೊತ್ತು ನೋಡಿ ಏಟು ಕೊಡಬಹುದು. ಬೆಳಕಿನ ಒಂದು ಅಂಶವನ್ನು ಮಾತ್ರ ತಡಮಾಡುವುದು ಹೇಗೆ? ಪ್ರಯೋಗಾಲಯದ ಸೋಡಿಯಂ ದೀಪದ ಹಳದಿ ಬೆಳಕನ್ನೇ ತೆಗೆದುಕೊಳ್ಳೋಣ. ಅದರ ತರಂಗದೂರ 589 ನ್ಯಾನೋಮೀಟರ್. ಅದು ಒಮ್ಮೆ ಕಂಪಿಸಲು ಹೆಚ್ಚುಕಡಿಮೆ ಎರಡು ಫೆಮ್ಟೋಸೆಕೆಂಡ್ ಸಾಕು. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಸೆಕೆಂಡ್. ಕಾಲು ಅಲೆ ತಡ ಎಂದರೆ ಅರ್ಧ ಫೆಮ್ಟೋಸೆಕೆಂಡ್ ತಡ. ಯಾವ ಗಡಿಯಾರವೂ ಈ ಕೆಲಸಕ್ಕೆ ಒದಗದು, ಹರಳು ಒದಗುತ್ತದೆ.

ಕ್ವಾರ್ಟ್ಜ್ ಹರಳಿನಲ್ಲಿ ಅಣುಗಳ ಜೋಡಣೆ ಎಲ್ಲ ದಿಕ್ಕಿಗೂ ಒಂದೇ ತೆರನಾಗಿಲ್ಲ. ಅದರೊಳಗೆ ಒಂದು ವಿಶೇಷ ದಿಕ್ಕು ಇದೆ, ದೃಕ್ ಅಕ್ಷ. ಆ ದಿಕ್ಕು ಹಾಳೆಯ ಮೈಯಲ್ಲೇ ಮಲಗಿರುವಂತೆ ಹರಳನ್ನು ಕೊಯ್ದರೆ, ಅಕ್ಷದ ಗುಂಟ ಕಂಪಿಸುವ ಅಂಶ ಒಂದು ವೇಗದಲ್ಲೂ ಅದಕ್ಕೆ ಅಡ್ಡಲಾಗಿ ಕಂಪಿಸುವ ಅಂಶ ಇನ್ನೊಂದು ವೇಗದಲ್ಲೂ ಹಾಯುತ್ತವೆ. ಹಳದಿ ಬೆಳಕಿಗೆ ವಕ್ರೀಭವನ ಸೂಚ್ಯಂಕಗಳು ಕ್ರಮವಾಗಿ 1.5534 ಮತ್ತು 1.5443. ಸೂಚ್ಯಂಕ ಹೆಚ್ಚಿದಷ್ಟೂ ವೇಗ ಕಡಿಮೆ. ಹಾಗಾಗಿ ಕ್ವಾರ್ಟ್ಜ್‌ನಲ್ಲಿ ಅಕ್ಷದ ಗುಂಟ ಕಂಪಿಸುವ ಅಂಶವೇ ನಿಧಾನದ್ದು.

ವ್ಯತ್ಯಾಸ 0.0091, ಬಲು ಚಿಕ್ಕದು. 589ರ ಕಾಲು ಭಾಗ 147 ನ್ಯಾನೋಮೀಟರ್. ಅದನ್ನು 0.0091ರಿಂದ ಭಾಗಿಸಿದರೆ ಹಾಳೆ ಎಷ್ಟು ದಪ್ಪ ಇರಬೇಕು ಎಂಬುದು ಸಿಗುತ್ತದೆ: ಸುಮಾರು 16.2 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ತೆಳುವು. ಬಿಎಸ್‌ಸಿ ಭೌತಶಾಸ್ತ್ರ ಓದಿದವರು ಪರೀಕ್ಷೆಗಾಗಿ ಈ ಲೆಕ್ಕ ಮಾಡಿಯೇ ಇರುತ್ತಾರೆ. ಆದರೆ ಉತ್ತರ ಬಂದ ಮೇಲೆ ಆ ಹಾಳೆಯೊಳಗೆ ನಡೆಯುವುದನ್ನು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು. 16.2 ಮೈಕ್ರಾನ್ ದಾರಿಯಲ್ಲಿ ವೇಗದ ಅಂಶ 42.47 ಅಲೆಗಳನ್ನು ಮುಗಿಸುತ್ತದೆ. ನಿಧಾನದ ಅಂಶ 42.72 ಅಲೆಗಳನ್ನು. ನಲವತ್ತೆರಡು ಅಲೆಗಳ ಓಟದಲ್ಲಿ ಇಬ್ಬರ ನಡುವೆ ಉಳಿದ ಅಂತರ ಕಾಲು ಅಲೆ ಮಾತ್ರ. ನಮಗೆ ಬೇಕಾದದ್ದೂ ಅದೊಂದೇ.

ಹಾಳೆಯನ್ನು ಇಡುವ ಕೋನವೂ ಮುಖ್ಯ. ಬೆಳಕಿನ ಕಂಪನ ಹರಳಿನ ಎರಡು ದಿಕ್ಕುಗಳಿಗೂ 45 ಡಿಗ್ರಿಯಲ್ಲಿದ್ದರೆ ಮಾತ್ರ ಅಂಶಗಳು ಸಮನಾಗಿ ಹಂಚಿಹೋಗುತ್ತವೆ. ಕೋನ 30 ಆದರೆ ಒಂದು ದೊಡ್ಡದು, ಇನ್ನೊಂದು ಚಿಕ್ಕದು, ತಡ ಸರಿಯಾಗಿದ್ದರೂ ಸಿಗುವುದು ದೀರ್ಘವೃತ್ತ. ಕೋನ 0 ಆದರೆ ಒಂದೇ ಅಂಶ ಉಳಿಯುತ್ತದೆ. ಯಾರಿಗಿಂತ ತಡ ಎಂದು ಕೇಳಲು ಇನ್ನೊಬ್ಬರೇ ಇಲ್ಲ. ಬೆಳಕು ಬಂದಂತೆಯೇ ಹೊರಹೋಗುತ್ತದೆ.

ಕನ್ನಡಿಯ ಕಪ್ಪನ್ನು ಈಗ ಬಿಡಿಸಬಹುದು. ಕನ್ನಡಕದಲ್ಲಿ ಕಣ್ಣಿನ ಬದಿಗೆ ಪೋಲರಾಯ್ಡ್ ಇದೆ, ಹೊರಬದಿಗೆ ಕಾಲು ಅಲೆ ಪದರ. ಬಲಗಣ್ಣಿನಿಂದ ಹೊರಟ ಬೆಳಕು ಪೋಲರಾಯ್ಡ್ ದಾಟಿದಾಗ 45 ಡಿಗ್ರಿಯ ಗೆರೆ, ಅಂದರೆ ಅಡ್ಡಕ್ಕೆ 1, ಲಂಬಕ್ಕೆ 1, ಎರಡೂ ಒಟ್ಟಿಗೆ. ಪದರ ದಾಟಿದಾಗ ಲಂಬದ್ದು 90 ಡಿಗ್ರಿ ಹಿಂದೆ ಬಿದ್ದಿದೆ. ಕನ್ನಡಿ ಎರಡೂ ಅಂಶಗಳನ್ನು ಒಂದೇ ರೀತಿ ಹಿಂದಿರುಗಿಸುತ್ತದೆ, ಆದ್ದರಿಂದ ಅವುಗಳ ನಡುವಿನ ತಡ ಹಾಗೆಯೇ ಉಳಿಯುತ್ತದೆ. ಮರಳಿ ಬರುವಾಗ ಮತ್ತೆ ಅದೇ ಪದರ, ಮತ್ತೆ 90 ಡಿಗ್ರಿ. ಒಟ್ಟು 180. ಅರ್ಧ ಅಲೆ ತಡವಾದ ಅಂಶ ಎಂದರೆ ಚಿಹ್ನೆ ಬದಲಾದ ಅಂಶ: ಅಡ್ಡದ್ದು +1 ಇರುವಾಗ ಲಂಬದ್ದು −1. ಇದು ಮತ್ತೆ ಗೆರೆಯೇ, ಆದರೆ ಎದುರು ದಿಕ್ಕಿಗೆ ವಾಲಿದ ಗೆರೆ, ಮೊದಲಿನದಕ್ಕೆ ಸರಿಯಾಗಿ ಲಂಬ. ಪೋಲರಾಯ್ಡ್ ಅದನ್ನು ನುಂಗಿಬಿಡುತ್ತದೆ. ಇನ್ನೊಂದು ಕಣ್ಣಿನ ಗಾಜಿನಲ್ಲಿ ಜೋಡಣೆ ತಿರುವುಮುರುವು. ಅಲ್ಲಿಂದ ಹೊರಟ ಬೆಳಕು ಕನ್ನಡಿಯಿಂದ ಮರಳಿ ಬಲಗಣ್ಣಿನ ಗಾಜಿಗೆ ಬರುವ ಹೊತ್ತಿಗೆ ಒಂದು ತಡ ಇನ್ನೊಂದನ್ನು ಸರಿಪಡಿಸಿ, ಪೋಲರಾಯ್ಡ್ ಬಿಡುವ ದಿಕ್ಕಿಗೇ ಹೊಂದಿಕೊಳ್ಳುತ್ತದೆ. ಮುಚ್ಚಿದ ಕಣ್ಣು ಕಾಣುವುದು ಇದರಿಂದ.

ಸಿನಿಮಾದವರಿಗೆ ಇದರ ಉಪಯೋಗ ಸರಳ. ಎಡಗಣ್ಣಿನ ಚಿತ್ರವನ್ನು ಒಂದು ಸುತ್ತಿನ ಬೆಳಕಿನಲ್ಲೂ ಬಲಗಣ್ಣಿನ ಚಿತ್ರವನ್ನು ಎದುರು ಸುತ್ತಿನ ಬೆಳಕಿನಲ್ಲೂ ಕಳಿಸುತ್ತಾರೆ. ಒಂದೇ ಪ್ರೊಜೆಕ್ಟರ್‌ನ ಮುಂದೆ ಕೂರಿಸಿದ ಲಿಕ್ವಿಡ್ ಕ್ರಿಸ್ಟಲ್ ಸಾಧನ ಸೆಕೆಂಡಿಗೆ 144 ಸಲ ಈ ಅದಲುಬದಲು ಮಾಡುತ್ತದೆ. ಪರದೆ ಬೆಳ್ಳಿ ಬಣ್ಣದ ಲೋಹದ ಲೇಪನದ್ದೇ ಆಗಬೇಕು, ಏಕೆಂದರೆ ಸಾಮಾನ್ಯ ಬಿಳಿ ಪರದೆಯ ಮೇಲೆ ಚದುರಿದ ಬೆಳಕು ಧ್ರುವೀಕರಣವನ್ನು ಕಳೆದುಕೊಳ್ಳುತ್ತದೆ. ರೇಖೀಯ ಧ್ರುವೀಕರಣದ ಕನ್ನಡಕದಲ್ಲಿ ಪಕ್ಕದವರ ಹೆಗಲಿಗೆ ತಲೆ ಒರಗಿಸಿದರೆ ಎರಡು ಚಿತ್ರಗಳೂ ಕಲಸಿಹೋಗುತ್ತವೆ. ವೃತ್ತಕ್ಕೆ ಓರೆ ಎಂಬುದಿಲ್ಲ, ಹಾಗಾಗಿ ಇಲ್ಲಿ ಆ ತೊಂದರೆಯಿಲ್ಲ.

ವೃತ್ತಕ್ಕೆ ದಿಕ್ಕಿಲ್ಲ ಎಂಬ ಇದೇ ಗುಣ ಪ್ರಯೋಗಾಲಯದಲ್ಲಿ ಒಂದು ತೊಡಕು ತರುತ್ತದೆ. ನಿಮ್ಮ ಬೆಳಕು ನಿಜವಾಗಿಯೂ ವೃತ್ತೀಯವಾಗಿದೆಯೇ ಎಂದು ತಿಳಿಯುವುದು ಹೇಗೆ? ಎದುರಿಗೆ ಪೋಲರಾಯ್ಡ್ ಹಿಡಿದು ತಿರುಗಿಸಿದರೆ ಬೆಳಕು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆದರೆ ಬಲ್ಬಿನ ಸಾದಾ ಬೆಳಕೂ ಹೀಗೆಯೇ ವರ್ತಿಸುತ್ತದೆ. ಬರೀ ಪೋಲರಾಯ್ಡ್ ಹಿಡಿದವರಿಗೆ ಇವೆರಡರ ಭೇದ ತಿಳಿಯುವುದೇ ಇಲ್ಲ. ಪೋಲರಾಯ್ಡ್‌ಗೆ ಮೊದಲು ಇನ್ನೊಂದು ಕಾಲು ಅಲೆ ಪ್ಲೇಟ್ ಇಡಬೇಕು. ವೃತ್ತೀಯ ಬೆಳಕಿನಲ್ಲಿ ಎರಡು ಅಂಶಗಳ ನಡುವೆ ಖಚಿತವಾದ 90 ಡಿಗ್ರಿ ತಡವಿದೆ. ಎರಡನೆಯ ಪ್ಲೇಟ್ ಅದಕ್ಕೆ 90 ಕೂಡಿಸುತ್ತದೆ ಇಲ್ಲವೇ ಕಳೆಯುತ್ತದೆ, ಎರಡರಲ್ಲೂ ಸಿಗುವುದು ಗೆರೆ. ಆಗ ಪೋಲರಾಯ್ಡ್ ತಿರುಗಿಸಿದರೆ ಒಂದು ಕಡೆ ಪೂರ್ತಿ ಕತ್ತಲಾಗುತ್ತದೆ. ಸಾದಾ ಬೆಳಕಿನಲ್ಲಿ ಅಂಶಗಳ ನಡುವಿನ ತಡ ಕ್ಷಣಕ್ಕೊಂದು ತೆರ. ಅದಕ್ಕೆ 90 ಕೂಡಿಸಿದರೂ ಕ್ಷಣಕ್ಕೊಂದು ತೆರವೇ, ಕತ್ತಲಾಗುವ ಪ್ರಶ್ನೆಯೇ ಇಲ್ಲ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಈ ಪರೀಕ್ಷೆ. ಫೇಸ್ ಎಂಬುದು ಕಾಗದದ ಮೇಲಿನ ಲೆಕ್ಕವಲ್ಲ, ಬೆಳಕಿನಲ್ಲಿ ನಿಜಕ್ಕೂ ಇರುವ ಸಂಗತಿ ಎಂಬುದನ್ನು ಅದು ಎರಡೇ ಹಾಳೆಗಳಲ್ಲಿ ತೋರಿಸಿಕೊಡುತ್ತದೆ.

ಇನ್ನು ನೇರಳೆ ಛಾಯೆಯ ಮಾತು. 16.2 ಮೈಕ್ರಾನ್ ಎಂಬ ಲೆಕ್ಕ ಹಳದಿ ಬೆಳಕಿಗೆ ಮಾತ್ರ ಸರಿ. ಹಾಳೆ ಉಂಟುಮಾಡುವ ತಡ ಉದ್ದದಲ್ಲಿ ಇಷ್ಟು ನ್ಯಾನೋಮೀಟರ್ ಎಂದು ನಿಗದಿಯಾಗಿರುತ್ತದೆ. ಅದು ಕಾಲು ಅಲೆ ಹೌದೋ ಅಲ್ಲವೋ ಎಂಬುದು ಅಲೆ ಎಷ್ಟು ಉದ್ದ ಎಂಬುದರ ಮೇಲೆ ನಿಂತಿದೆ. ಬಿಳಿ ಬೆಳಕಿಗೆ ಬಳಸುವ ಪದರವನ್ನು ನಡುವಿನ ಹಸಿರಿಗೆ, 550 ನ್ಯಾನೋಮೀಟರ್‌ಗೆ, ಸರಿಹೊಂದಿಸಿದ್ದಾರೆ ಎನ್ನೋಣ. 450ರ ನೀಲಿಗೆ ಅದೇ ತಡ 110 ಡಿಗ್ರಿಯಾಗುತ್ತದೆ. 650ರ ಕೆಂಪಿಗೆ ಬರೀ 76. (ಬಣ್ಣದೊಂದಿಗೆ ಸೂಚ್ಯಂಕಗಳ ವ್ಯತ್ಯಾಸವೂ ತುಸು ಬದಲಾಗುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.) ಕನ್ನಡಿಗೆ ಹೋಗಿ ಬಂದ ಹಸಿರು ಸರಿಯಾಗಿ 180 ಡಿಗ್ರಿ ಪಡೆದು ಪೂರ್ತಿ ನಂದುತ್ತದೆ. ನೀಲಿಗೆ 220, ಕೆಂಪಿಗೆ 152 ಬಂದಿರುತ್ತದೆ. ಅವು ಗೆರೆಯಾಗದೆ ಉಬ್ಬಿದ ದೀರ್ಘವೃತ್ತವಾಗಿಯೇ ಪೋಲರಾಯ್ಡ್ ತಲುಪುತ್ತವೆ. ನೀಲಿಯಲ್ಲಿ ನೂರಕ್ಕೆ ಹನ್ನೆರಡರಷ್ಟು, ಕೆಂಪಿನಲ್ಲಿ ಆರರಷ್ಟು ಬೆಳಕು ಸೋರಿಬಿಡುತ್ತದೆ. ಹಸಿರಿಲ್ಲದ ನೀಲಿ ಹೆಚ್ಚು, ಕೆಂಪು ಕಡಿಮೆ: ಕಣ್ಣಿಗೆ ನೇರಳೆ.

ದಪ್ಪ ಹಾಳೆಯಲ್ಲಿ ಈ ತೊಂದರೆ ಇನ್ನೂ ಜೋರು. 16 ಮೈಕ್ರಾನ್‌ಗೆ ಕ್ವಾರ್ಟ್ಜ್ ಉಜ್ಜುವುದು ಸುಲಭವಲ್ಲ, ಕೈಯಲ್ಲಿ ಹಿಡಿದರೇ ಒಡೆದುಹೋಗುತ್ತದೆ. ಹಿಂದಿನವರು ಕಾಗೆಬಂಗಾರದ ಪದರಗಳನ್ನು ಸೂಜಿಯಿಂದ ಎಬ್ಬಿಸಿ ಕಾಲು ಅಲೆಗೆ ಹೊಂದುವ ದಪ್ಪಕ್ಕೆ ತರುತ್ತಿದ್ದರು. ಅದು ಸುಮಾರು 0.03 ಮಿಲಿಮೀಟರ್. ಕ್ವಾರ್ಟ್ಜ್‌ನಲ್ಲಿ ಒಂದು ಉಪಾಯವಿದೆ. ಪೂರ್ತಿ ಅಲೆಗಳಷ್ಟು ತಡವಾದರೆ ಲೆಕ್ಕಕ್ಕಿಲ್ಲ, ಆದ್ದರಿಂದ ಕಾಲು ಅಲೆಯ ಬದಲು ಹದಿನೈದೂ ಕಾಲು ಅಲೆ ತಡವಾಗುವಂತೆ 0.987 ಮಿಲಿಮೀಟರ್ ದಪ್ಪ ಇಡಬಹುದು. ಗಟ್ಟಿಯಾದ ಹಾಳೆ ಸಿಕ್ಕಿತು. ಆದರೆ ತರಂಗದೂರ ನೂರಕ್ಕೆ ಒಂದರಷ್ಟು, ಅಂದರೆ 6 ನ್ಯಾನೋಮೀಟರ್ ಸರಿದರೆ ಹದಿನೈದೂ ಕಾಲರ ನೂರನೇ ಒಂದು ಪಾಲು ತಪ್ಪುತ್ತದೆ, ಅದು 55 ಡಿಗ್ರಿ. ತೆಳು ಹಾಳೆಯಲ್ಲಿ ಅದೇ ಸರಿತಕ್ಕೆ ತಪ್ಪು ಒಂದು ಡಿಗ್ರಿಯೂ ಇಲ್ಲ. ದಪ್ಪ ಹಾಳೆ ಒಂದೇ ಬಣ್ಣದ ಲೇಸರ್‌ಗೆ ಸರಿ, ಬಿಳಿ ಬೆಳಕಿಗೆ ನಿರುಪಯೋಗಿ.

ಎಲ್ಲ ಬಣ್ಣಕ್ಕೂ ಕಾಲು ಅಲೆಯಾಗುವ ಪ್ಲೇಟ್ ಮಾಡಲು ಸಾಧ್ಯವೇ? ಈ ಪ್ರಶ್ನೆಗೆ ಅಚ್ಚರಿಯ ಉತ್ತರವೊಂದು ಬಂದದ್ದು ಬೆಂಗಳೂರಿನಿಂದ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ ಆಗ ಕೆಲಸ ಮಾಡುತ್ತಿದ್ದರು. ಹುಟ್ಟಿದ್ದು 1934ರಲ್ಲಿ. 1955ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಅವರ ಎರಡು ಪ್ರಬಂಧಗಳು ಬಂದವು: ಮೊದಲನೆಯದು ಸುಧಾರಿತ ವೃತ್ತೀಯ ಪೋಲರೈಸರ್ ಬಗ್ಗೆ, ಎರಡನೆಯದು ಬಣ್ಣಕ್ಕೆ ಬಗ್ಗದ ಕಾಲು ಅಲೆ ಪ್ಲೇಟ್ ಬಗ್ಗೆ. ಹೊಸ ವಸ್ತುವನ್ನೇನೂ ಅವರು ಹುಡುಕಲಿಲ್ಲ. ಒಂದೇ ವಸ್ತುವಿನ ಮೂರು ಹಾಳೆಗಳನ್ನು ಬೇರೆ ಬೇರೆ ಕೋನದಲ್ಲಿ ಜೋಡಿಸಿದರು. ಹಾಳೆ ಹಾಳೆಯೂ ಬಣ್ಣದೊಂದಿಗೆ ತಪ್ಪುತ್ತದೆ, ಆದರೆ ಮೂರು ಸೇರಿದಾಗ ತಪ್ಪುಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಜೋಡಣೆ ಹೀಗಿದೆ. ಹೊರಗಿನ ಎರಡು ಹಾಳೆಗಳು ತದ್ರೂಪು, ಅವುಗಳ ಅಕ್ಷಗಳು ಸಮಾನಾಂತರ, ಒಂದೊಂದರ ತಡ ಸುಮಾರು 115 ಡಿಗ್ರಿ. ನಡುವಿನದು ಅರ್ಧ ಅಲೆಯದು, 180 ಡಿಗ್ರಿ, ಸುಮಾರು 71 ಡಿಗ್ರಿ ತಿರುಗಿಸಿ ಇಟ್ಟದ್ದು. ಹಸಿರಿಗೆ ಒಟ್ಟು ತಡ ಸರಿಯಾಗಿ 90 ಬರುತ್ತದೆ. ಈಗ 450ರ ನೀಲಿಯನ್ನು ಹಾಯಿಸಿ ಲೆಕ್ಕ ಮಾಡಿ. ಹೊರಗಿನವು 115ರ ಬದಲು 141 ಕೊಡುತ್ತವೆ, ನಡುವಿನದು 180ರ ಬದಲು 220. ಒಂದೊಂದೂ ಘೋರವಾಗಿ ತಪ್ಪಿದೆ. ಒಟ್ಟು ಫಲ ಮಾತ್ರ ಸುಮಾರು 87. ಕೆಂಪಿಗೆ ಹೊರಗಿನವು 97, ನಡುವಿನದು 152, ಒಟ್ಟು ಫಲ 88ರ ಹತ್ತಿರ. ಒಂದೇ ಹಾಳೆ 110ರಿಂದ 76ರವರೆಗೆ ಅಲೆದಾಡುತ್ತಿದ್ದ ಜಾಗದಲ್ಲಿ ಮೂರು ಹಾಳೆ ಎರಡು ಮೂರು ಡಿಗ್ರಿಯೊಳಗೆ ನಿಂತಿತು.

ಹಾಳೆಗಳ ಕೋನ ಇಷ್ಟು ಮುಖ್ಯವಾಗಲು ಕಾರಣವಿದೆ. ಅಕ್ಷಗಳು ಸಮಾನಾಂತರವಾಗಿದ್ದರೆ ತಡಗಳು ಬರೀ ಕೂಡಿಕೊಳ್ಳುತ್ತವೆ, ತಪ್ಪುಗಳೂ ಕೂಡಿಕೊಳ್ಳುತ್ತವೆ. ಹಾಳೆಯನ್ನು ತಿರುಗಿಸಿಟ್ಟಾಗ ಅದು ಬೆಳಕನ್ನು ಬೇರೆಯದೇ ಎರಡು ದಿಕ್ಕುಗಳಿಗೆ ಬಿಡಿಸಿ ತಡಮಾಡುತ್ತದೆ. ಪಂಚರತ್ನಂ ಇದನ್ನು ಪಾಂಕಾರೆ ಗೋಳದ ಮೇಲೆ ಯೋಚಿಸಿದರು. ಆ ಗೋಳದ ಸಮಭಾಜಕದ ಮೇಲೆ ರೇಖೀಯ ಬೆಳಕಿನ ಎಲ್ಲ ದಿಕ್ಕುಗಳಿವೆ, ಎರಡು ಧ್ರುವಗಳಲ್ಲಿ ಎರಡು ಸುತ್ತಿನ ವೃತ್ತೀಯ ಬೆಳಕು, ಮಿಕ್ಕೆಡೆ ದೀರ್ಘವೃತ್ತಗಳು. ಒಂದು ಪ್ಲೇಟ್ ಎಂದರೆ ಆ ಗೋಳವನ್ನು ಒಂದು ಅಕ್ಷದ ಸುತ್ತ ತಿರುಗಿಸುವುದು, ತಡ ಎಷ್ಟೋ ತಿರುವು ಅಷ್ಟು. ಒಂದೇ ತಿರುವಿನಲ್ಲಿ ಸಮಭಾಜಕದಿಂದ ಧ್ರುವಕ್ಕೆ ಹೊರಟರೆ ತಿರುವು ಹೆಚ್ಚಾದಷ್ಟೂ ಧ್ರುವವನ್ನು ದಾಟಿಹೋಗುತ್ತೀರಿ. ಬೇರೆ ಬೇರೆ ಅಕ್ಷಗಳ ಸುತ್ತ ಮೂರು ಸಲ ತಿರುಗಿದಾಗ ಮೊದಲ ತಿರುವಿನ ಅತಿಯನ್ನು ಮುಂದಿನ ತಿರುವಿನ ಅತಿ ಹಿಂದಕ್ಕೆ ಎಳೆಯುವಂತೆ ಅಕ್ಷಗಳನ್ನು ಆರಿಸಬಹುದು. ಸೂತ್ರಗಳ ಕಾಡಿನಲ್ಲಿ ಕಾಣದ ಈ ದಾರಿ ಗೋಳದ ಮೇಲೆ ಕಣ್ಣಿಗೇ ಕಾಣುತ್ತದೆ.

ಇದಕ್ಕೂ ಮಿತಿಗಳಿವೆ. ಒಟ್ಟು ತಡ ಸ್ಥಿರವಾಗಿ ನಿಂತರೂ ಮೂರರ ಜೋಡಿಯ ಅಕ್ಷ ಬಣ್ಣದೊಂದಿಗೆ ತುಸು ಸರಿಯುತ್ತದೆ, ಆದ್ದರಿಂದ 45 ಡಿಗ್ರಿಯ ನಿಯಮ ಎಲ್ಲ ಬಣ್ಣಕ್ಕೂ ಏಕಕಾಲಕ್ಕೆ ಪೂರ್ತಿ ಪಾಲನೆಯಾಗದು. ಓರೆಯಾಗಿ ಬರುವ ಬೆಳಕಿಗೆ ದಾರಿಯ ಉದ್ದವೂ ಸೂಚ್ಯಂಕವೂ ಬದಲಾಗಿ ತಡವೇ ಬೇರೆಯಾಗುತ್ತದೆ. ಮೂರು ಹಾಳೆಗಳನ್ನು ಕೋನ ತಪ್ಪದೆ ಅಂಟಿಸುವ ಖರ್ಚೂ ಇದೆ. ಅಗ್ಗದ ಸಿನಿಮಾ ಕನ್ನಡಕದಲ್ಲಿ ಒಂದೇ ಪದರ ಇಟ್ಟು ನೇರಳೆಯನ್ನು ಸಹಿಸಿಕೊಳ್ಳುವುದು ಇದಕ್ಕೇ.

ಸಹಿಸಲಾಗದ ಕಡೆ ಖರ್ಚು ಮಾಡುತ್ತಾರೆ. ಓಎಲ್‌ಇಡಿ ಪರದೆಯ ಮೊಬೈಲ್ ಬಿಸಿಲಿಗೆ ಹಿಡಿದರೆ ಒಳಗಿನ ಲೋಹದ ಎಲೆಕ್ಟ್ರೋಡುಗಳು ಕನ್ನಡಿಯಂತೆ ಹೊಳೆದು ಚಿತ್ರವನ್ನು ಮಸುಕಾಗಿಸಬೇಕಿತ್ತು. ಹಾಗಾಗದಿರಲೆಂದು ಪರದೆಯ ಮೇಲೆ ಪೋಲರೈಸರ್, ಅದರ ಕೆಳಗೆ ಕಾಲು ಅಲೆ ಪದರ ಅಂಟಿಸಿರುತ್ತಾರೆ. ಒಳಹೋದ ಬಿಸಿಲು ಎರಡು ಸಲ 90 ಡಿಗ್ರಿ ತಡವಾಗಿ ಅಲ್ಲೇ ನಂದುತ್ತದೆ. ಆರಿದ ಪರದೆ ನೇರಳೆಯಾಗಿ ಕಂಡರೆ ಯಾರೂ ಕೊಳ್ಳಲಾರರು. ಅದಕ್ಕಾಗಿ ಅರ್ಧ ಅಲೆಯ ಪದರವೊಂದನ್ನು ಕಾಲು ಅಲೆಯ ಪದರದೊಂದಿಗೆ ಬೇರೆ ಕೋನದಲ್ಲಿ ಜೋಡಿಸುವ ವಿಧಾನ ಬಳಕೆಯಲ್ಲಿದೆ. ಹಾಳೆಗಳು ಮೂರರ ಬದಲು ಎರಡು, ತಪ್ಪನ್ನು ತಪ್ಪಿನಿಂದ ಅಳಿಸುವ ಲೆಕ್ಕ 1955ರದ್ದೇ.